ಎಷ್ಟು ಮರ ಎಣಿಸಿದರೆ ತೋಟದ ಸರಾಸರಿ ಸಿಕ್ಕೀತು?

ಅಡಿಕೆ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ ಕೊಡುವವರಿಗೆ ಪ್ರತಿ ವರ್ಷ ಒಂದೇ ಕಷ್ಟ. ಕೊಳ್ಳಲು ಬಂದವರು ತೋಟದಲ್ಲಿ ಒಂದು ಸುತ್ತು ಹಾಕಿ, ತಲೆಯೆತ್ತಿ ಕೊನೆಗಳನ್ನು ನೋಡಿ, ‘ಇಷ್ಟು ಕ್ವಿಂಟಲ್ ಆದೀತು’ ಎನ್ನುತ್ತಾರೆ. ಅವರದು ಪಳಗಿದ ಕಣ್ಣು. ಅದರ ಎದುರಿಗೆ ಇಡಲು ತೋಟದವರ ಕೈಯಲ್ಲಿ ಒಂದು ಅಂಕಿಯೂ ಇರುವುದಿಲ್ಲ. ಎಲ್ಲ ಮರ ಹತ್ತಿಸಿ ಎಣಿಸೋಣವೆಂದರೆ ಕೊನೆಗಾರರು ಸಿಗುವುದೇ ಕಷ್ಟ, ಸಿಕ್ಕರೂ ಕೂಲಿ ಕೊಟ್ಟು ಪೂರೈಸದು. ಕೆಲವೇ ಮರ ಎಣಿಸಿ ಸರಾಸರಿ ತೆಗೆಯೋಣವೆಂದರೆ, ‘ಕೆಲವು’ ಅಂದರೆ ಎಷ್ಟು?

ಸಾಮಾನ್ಯವಾಗಿ ಕೇಳಿಬರುವ ಉತ್ತರ ‘ನೂರಕ್ಕೆ ಹತ್ತು’. ಕೇಳಲು ನ್ಯಾಯವಾಗಿದೆ, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. 200 ಮರದ ಸಣ್ಣ ತೋಟದಲ್ಲಿ ಈ ಸೂತ್ರ ಹೇಳುವ 20 ಮರ ತೀರಾ ಕಡಿಮೆ. 15,000 ಮರದ ತೋಟದಲ್ಲಿ ಅದು ಹೇಳುವ 1,500 ಮರ ಬರೀ ದಂಡ. ಎಷ್ಟು ಮರ ಬೇಕೆಂಬುದನ್ನು ತೋಟದ ಗಾತ್ರ ಹೆಚ್ಚಾಗಿ ನಿರ್ಧರಿಸುವುದಿಲ್ಲ. ಅದನ್ನು ನಿರ್ಧರಿಸುವುದು ಮೂರು ಸಂಗತಿಗಳು: ಮರದಿಂದ ಮರಕ್ಕೆ ಕಾಯಿಯ ಸಂಖ್ಯೆ ಎಷ್ಟು ಬದಲಾಗುತ್ತದೆ, ಉತ್ತರದಲ್ಲಿ ಎಷ್ಟು ಹೆಚ್ಚುಕಡಿಮೆಯನ್ನು ನೀವು ತಡೆದುಕೊಳ್ಳಬಲ್ಲಿರಿ, ಆ ಉತ್ತರದ ಮೇಲೆ ನಿಮಗೆ ಎಷ್ಟು ಭರವಸೆ ಬೇಕು.

ಲೆಕ್ಕದ ಹಿಂದಿರುವ ಕಾರಣ

ಒಂದು ಮರ ಎಣಿಸಿದಿರಿ, 340 ಕಾಯಿ. ಇದನ್ನೇ ತೋಟದ ಸರಾಸರಿ ಎಂದರೆ ಮೋಸಹೋಗುತ್ತೀರಿ, ಏಕೆಂದರೆ ಅದು ಜೋರು ಮರವಾಗಿರಬಹುದು. ಇನ್ನೂ ಕೆಲವು ಮರ ಎಣಿಸಿದರೆ ಕೆಲವು ಸರಾಸರಿಗಿಂತ ಮೇಲೆ, ಕೆಲವು ಕೆಳಗೆ ಬರುತ್ತವೆ. ಕೂಡಿಸಿದಾಗ ಮೇಲಿನದೂ ಕೆಳಗಿನದೂ ಒಂದನ್ನೊಂದು ಬಹುಮಟ್ಟಿಗೆ ಕಳೆದುಹಾಕುತ್ತವೆ. ಬಹುಮಟ್ಟಿಗೆ ಮಾತ್ರ, ಪೂರ್ತಿ ಅಲ್ಲ. ಕಳೆಯದೆ ಉಳಿಯುವ ವ್ಯತ್ಯಾಸವು ಎಣಿಸಿದ ಮರಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಮರಗಳನ್ನು ನಾಲ್ಕು ಪಟ್ಟು ಮಾಡಿದರೆ ಸರಾಸರಿಯ ಅಲುಗಾಟ ಅರ್ಧವಾಗುತ್ತದೆ, ಒಂಬತ್ತು ಪಟ್ಟು ಮಾಡಿದರೆ ಮೂರನೇ ಒಂದು ಭಾಗವಾಗುತ್ತದೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಇದೊಂದರ ಮೇಲೆ.

ಮರದಿಂದ ಮರಕ್ಕಿರುವ ವ್ಯತ್ಯಾಸವನ್ನು ಅಳೆಯುವ ಅಂಕಿಗೆ ಮಾನಕ ವಿಚಲನೆ ಎನ್ನುತ್ತಾರೆ. ಅದನ್ನು s ಎನ್ನೋಣ. ನೀವು ಒಪ್ಪುವ ಹೆಚ್ಚುಕಡಿಮೆ, ಅಂದರೆ ತಪ್ಪಿನ ಮಿತಿ, E. ಭರವಸೆಯ ಮಟ್ಟಕ್ಕೆ ತಕ್ಕ ಗುಣಕ z. ಎಣಿಸಬೇಕಾದ ಮರಗಳು n.

```
n = (z × s / E)²
```

ಒಂದು ತೋಟ ಹಿಡಿದು ಲೆಕ್ಕ ಮಾಡೋಣ

ಉದಾಹರಣೆಗೆ ಫಸಲು ಕೊಡುವ 1,500 ಮರಗಳ ತೋಟವನ್ನು ತೆಗೆದುಕೊಳ್ಳೋಣ. ಸುಮಾರು 2.7 ಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಅದು ಎರಡೂ ಮುಕ್ಕಾಲು ಎಕರೆಯ ತೋಟ.

1. ಮೊದಲು E ಆರಿಸಿ. ಇದನ್ನು ಲೆಕ್ಕದ ಪುಸ್ತಕ ಹೇಳುವುದಿಲ್ಲ, ನಿಮ್ಮ ವ್ಯವಹಾರ ಹೇಳಬೇಕು. ಸರಾಸರಿಯಲ್ಲಿ ಮರಕ್ಕೆ 20 ಕಾಯಿ ಹೆಚ್ಚುಕಡಿಮೆಯಾದರೆ ಇಡೀ ತೋಟದಲ್ಲಿ 30,000 ಕಾಯಿ ಹೆಚ್ಚುಕಡಿಮೆ. ಕಿಲೋಗೆ 30 ಕಾಯಿ ಎಂದು ಹಿಡಿದರೆ ಅದು 1,000 ಕಿಲೋ, ಅಂದರೆ ಹತ್ತು ಕ್ವಿಂಟಲ್ ಹಸಿ ಅಡಿಕೆ. ಚೇಣಿಯ ಮಾತುಕತೆಯಲ್ಲಿ ಅಷ್ಟನ್ನು ತಡೆದುಕೊಳ್ಳಬಲ್ಲಿರಾದರೆ E = 20. ಇಲ್ಲವಾದರೆ ಕಡಿಮೆ ಮಾಡಿ, ಆದರೆ ಬೆಲೆ ತಿಳಿದು ಮಾಡಿ. ಆ ಬೆಲೆ ಎಷ್ಟೆಂದು ಮುಂದೆ ನೋಡೋಣ.

2. ಭರವಸೆಯ ಮಟ್ಟ ಆರಿಸಿ. ಸದ್ಯಕ್ಕೆ ರೂಢಿಯಲ್ಲಿರುವ 95% ಇರಲಿ. ಅದರ z ಬೆಲೆ 1.96.

3. ಸಣ್ಣ ಪೂರ್ವ ಎಣಿಕೆ ಮಾಡಿ s ಕಂಡುಹಿಡಿಯಿರಿ. ಪೂರ್ತಿ ಎಣಿಸದೆ ವ್ಯತ್ಯಾಸ ಹೇಗೆ ತಿಳಿಯುವುದೆಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. 1930ರ ದಶಕದ ಕೊನೆಯಲ್ಲಿ ಪಿ.ಸಿ. ಮಹಾಲನೋಬಿಸ್ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗೆ ಹೊರಟಾಗಲೂ ಒಮ್ಮೆಗೇ ದೊಡ್ಡ ಕೆಲಸಕ್ಕೆ ಕೈಹಾಕಲಿಲ್ಲ. ಸಣ್ಣ ಪ್ರಮಾಣದಲ್ಲಿ ಅಳೆದು, ವ್ಯತ್ಯಾಸವನ್ನೂ ಖರ್ಚನ್ನೂ ತಿಳಿದು, ಆಮೇಲೆ ಹಿಗ್ಗಿಸಿದರು. ನೀವೂ ತೋಟದ ಬೇರೆ ಬೇರೆ ಕಡೆಯಿಂದ ಚೀಟಿ ಎತ್ತಿ 12 ಮರ ಎಣಿಸಿ. ನಮ್ಮ ಉದಾಹರಣೆಯಲ್ಲಿ ಬಂದ ಅಂಕಿಗಳು: 210, 340, 165, 280, 95, 310, 250, 190, 400, 230, 150, 260. ಇವುಗಳ ಸರಾಸರಿ 240. ಪ್ರತಿ ಅಂಕಿಯಿಂದ 240 ಕಳೆದು, ವರ್ಗ ಮಾಡಿ ಕೂಡಿಸಿದರೆ 80,850. ಅದನ್ನು 11ರಿಂದ (ಮರಗಳ ಸಂಖ್ಯೆಗಿಂತ ಒಂದು ಕಡಿಮೆ) ಭಾಗಿಸಿದರೆ 7,350. ಅದರ ವರ್ಗಮೂಲ ಸುಮಾರು 86. ಅದೇ s.

4. ಸೂತ್ರಕ್ಕೆ ಹಾಕಿ. 1.96 × 86 ÷ 20 = 8.428. ಅದರ ವರ್ಗ 71.03. ಇಲ್ಲಿ 71 ಎಂದು ಕೆಳಗೆ ಇಳಿಸಬೇಡಿ. ದಶಮಾಂಶ ಎಷ್ಟೇ ಸಣ್ಣದಿರಲಿ, ಮೇಲಕ್ಕೇ ಏರಿಸಬೇಕು. ಉತ್ತರ 72 ಮರ.

E ತಗ್ಗಿಸುವ ಬೆಲೆ ಈಗ ನೋಡಿ. 20ರ ಬದಲು 10 ಬೇಕೆಂದರೆ 16.856ರ ವರ್ಗ, ಅಂದರೆ 285 ಮರ. ಮಿತಿ ಅರ್ಧವಾಯಿತು, ಹತ್ತಬೇಕಾದ ಮರ ನಾಲ್ಕು ಪಟ್ಟಾಯಿತು. ಎಷ್ಟೋ ಸಮೀಕ್ಷೆಗಳು ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ. ಕಾಗದದ ಮೇಲೆ ಬಿಗಿಯಾದ ಮಿತಿಯನ್ನು ಬರೆದುಕೊಂಡು ಹೊರಡುತ್ತಾರೆ, ಮೂರನೇ ದಿನಕ್ಕೆ ಆಳು, ಹಣ, ಹವೆ ಎಲ್ಲ ಕೈಕೊಡುತ್ತವೆ. ಆಗ ಉಳಿದ ಮರಗಳನ್ನು ಕೆಳಗೆ ನಿಂತೇ ಅಂದಾಜಿನಲ್ಲಿ ಬರೆದುಬಿಡುತ್ತಾರೆ. ಅದಕ್ಕಿಂತ ಸಡಿಲ ಮಿತಿಯ ಪ್ರಾಮಾಣಿಕ ಎಣಿಕೆ ಎಷ್ಟೋ ಮೇಲು.

ಭರವಸೆಯ ಮಟ್ಟ ಏರಿಸಿದರೆ ಏನಾಗುತ್ತದೆ

‘95% ಭರವಸೆ’ ಎಂಬ ಮಾತನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ತೋಟದ ನೂರಕ್ಕೆ 95 ಮರಗಳಲ್ಲಿ ಕಾಯಿ ಈ ಮಿತಿಯೊಳಗೆ ಇದೆ ಎಂದು ಅದರ ಅರ್ಥವಲ್ಲ. ನಮ್ಮ 12 ಮರಗಳಲ್ಲೇ 95 ಕಾಯಿಯ ಮರವೂ ಇದೆ, 400 ಕಾಯಿಯದೂ ಇದೆ. ಭರವಸೆ ಇರುವುದು ಎಣಿಸುವ ವಿಧಾನದ ಮೇಲೆ. ನೂರು ಜನ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇದೇ ತೋಟದಲ್ಲಿ ಚೀಟಿ ಎತ್ತಿ ಮರ ಎಣಿಸಿ, ತಮ್ಮ ತಮ್ಮ ಸರಾಸರಿಯ ಎರಡೂ ಕಡೆ ಮಿತಿ ಹಾಕಿಕೊಂಡರೆ, ಅವರಲ್ಲಿ ಸುಮಾರು 95 ಜನರ ಮಿತಿಯೊಳಗೆ ತೋಟದ ನಿಜವಾದ ಸರಾಸರಿ ಸಿಕ್ಕಿರುತ್ತದೆ. ಸುಮಾರು ಐದು ಜನರಿಗೆ ಸಿಕ್ಕಿರುವುದಿಲ್ಲ, ಅವರು ಎಣಿಕೆಯಲ್ಲಿ ಯಾವ ತಪ್ಪೂ ಮಾಡದಿದ್ದರೂ. ನೀವು ಆ ಐವರಲ್ಲಿ ಒಬ್ಬರೋ ಅಲ್ಲವೋ ಎಂಬುದು ನಿಮ್ಮ ಎಣಿಕೆಯಿಂದ ತಿಳಿಯದು.

ಆ ಐವರನ್ನು ಒಬ್ಬರಿಗೆ ಇಳಿಸಬೇಕೆಂದರೆ 99% ಬೇಕು, z ಬೆಲೆ 2.576. ಹತ್ತು ಜನ ತಪ್ಪಿದರೂ ಅಡ್ಡಿಯಿಲ್ಲವೆಂದರೆ 90%, z ಬೆಲೆ 1.645. ನಮ್ಮ ತೋಟಕ್ಕೆ, E = 20 ಇಟ್ಟುಕೊಂಡೇ:

| ಭರವಸೆಯ ಮಟ್ಟ | z | ಬೇಕಾದ ಮರಗಳು |
|---|---|---|
| 90% | 1.645 | 51 |
| 95% | 1.96 | 72 |
| 99% | 2.576 | 123 |

90ರಿಂದ 95ಕ್ಕೆ ಏರಲು 21 ಮರ ಹೆಚ್ಚು ಸಾಕು. 95ರಿಂದ 99ಕ್ಕೆ ಏರಲು ಮತ್ತೆ 51 ಮರ ಬೇಕು. ಕೊನೆಯ ನಾಲ್ಕು ಅಂಶಗಳು ಅದಕ್ಕೂ ಮೊದಲಿನ ಐದಕ್ಕಿಂತ ಬಹಳ ದುಬಾರಿ. 100%ರ ಮಾತಂತೂ ಬೇಡ, ಅದಕ್ಕೆ ತೋಟದ ಎಲ್ಲ ಮರ ಹತ್ತಬೇಕು.

ಇದನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. 72 ಮರ ಎಣಿಸಿ ಮುಗಿಸಿದ್ದೀರಿ ಎನ್ನಿ. ಅದೇ ಅಂಕಿಗಳಿಂದ 90% ಭರವಸೆಯಲ್ಲಿ ಸುಮಾರು ±17 ಎನ್ನಬಹುದು, 95%ರಲ್ಲಿ ±20, 99%ರಲ್ಲಿ ±26. ಹೆಚ್ಚು ಭರವಸೆ ಕೇಳಿದಷ್ಟೂ ಮಿತಿ ಅಗಲವಾಗುತ್ತದೆ. ಆದ್ದರಿಂದ ಯಾರಾದರೂ ‘±17’ ಎಂದಷ್ಟೇ ಹೇಳಿದರೆ ಎಷ್ಟು ಭರವಸೆಯಲ್ಲಿ ಎಂದು ಕೇಳಿ. ಅದಿಲ್ಲದೆ ಆ ಅಂಕಿಗೆ ಅರ್ಥವಿಲ್ಲ. ಎಣಿಸಿದ ಮೇಲೆ ಮಿತಿ ಚಿಕ್ಕದಾಗಿ ಕಾಣಲೆಂದು ಮಟ್ಟವನ್ನು 95ರಿಂದ 90ಕ್ಕೆ ಇಳಿಸುವುದು ಎದುರಿಗಿರುವವರಿಗೆ ಮಾಡುವ ಮೋಸ. ಮಟ್ಟವನ್ನು ಮರ ಹತ್ತುವ ಮೊದಲೇ ಬರೆದಿಡಬೇಕು.

ಯಾವುದನ್ನು ಆರಿಸುವುದು? ತಪ್ಪಿದರೆ ಏನು ಹೋಗುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಮನೆಯ ಆಯವ್ಯಯಕ್ಕೆ ಒಂದು ಅಂದಾಜು ಬೇಕಿದ್ದರೆ 90% ಸಾಕು. ಒಂದೇ ಮೊತ್ತಕ್ಕೆ ಇಡೀ ಫಸಲನ್ನು ಕೊಟ್ಟುಬಿಡುವ ಚೇಣಿಗೆ ನಾನು 95%ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಣ್ಣತಮ್ಮಂದಿರ ಪಾಲಿನಂಥ ಮತ್ತೆ ತಿದ್ದಲಾಗದ ವ್ಯವಹಾರಕ್ಕೆ 99%ರ ಖರ್ಚು ನ್ಯಾಯವಾದದ್ದು.

ಹನ್ನೆರಡು ಮರವನ್ನು ಎಷ್ಟು ನಂಬಬಹುದು

72 ಎಂಬ ಉತ್ತರ ನಿಂತಿರುವುದು 86 ಎಂಬ ವಿಚಲನೆಯ ಮೇಲೆ. ಆ 86 ಬಂದದ್ದು ಬರೀ 12 ಮರಗಳಿಂದ. ಅದೂ ಒಂದು ಅಂದಾಜೇ, ಅದೂ ಅಲುಗಾಡುತ್ತದೆ. ಎಷ್ಟು ಎಂದರೆ, 12 ಮರಗಳಲ್ಲಿ 86 ಬಂದಾಗ ಇಡೀ ತೋಟದ ನಿಜವಾದ ವಿಚಲನೆ, 95% ಭರವಸೆಯಲ್ಲಿ, 61ರಿಂದ 146ರವರೆಗೆ ಎಲ್ಲಿಯಾದರೂ ಇರಬಹುದು. 61 ಆಗಿದ್ದರೆ 36 ಮರ ಸಾಕಿತ್ತು. 146 ಆಗಿದ್ದರೆ 205 ಮರ ಬೇಕಿತ್ತು. ಸೂತ್ರ 71.03 ಎಂದು ದಶಮಾಂಶದವರೆಗೆ ಹೇಳುತ್ತದೆ ನಿಜ, ಆದರೆ ಒಳಗೆ ಇಷ್ಟು ದೊಡ್ಡ ಅನಿಶ್ಚಯ ಅಡಗಿದೆ. ಸೂತ್ರವನ್ನು ವಿವರಿಸುವ ಬರಹಗಳಲ್ಲಿ ಈ ಮಾತು ಅಪರೂಪ. ಕಲಿಯುವವರಿಗೆ ಮೊದಲ ದಿನವೇ ಹೇಳಬೇಕಾದ ಮಾತು ಇದು.

ಇದಕ್ಕೆ ಪರಿಹಾರವಿದೆ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ಸಣ್ಣ ಮಾದರಿಗಳ ಈ ತೊಂದರೆಯನ್ನು ಬಿಡಿಸಿ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. z ಬದಲು ಮಾದರಿ ಸಣ್ಣದಾದಷ್ಟೂ ದೊಡ್ಡದಾಗುವ t ಎಂಬ ಗುಣಕವನ್ನು ಬಳಸಬೇಕು. 1945ರಲ್ಲಿ ಚಾರ್ಲ್ಸ್ ಸ್ಟೈನ್ ಅದನ್ನೇ ಹಿಡಿದು, ಎರಡು ಹಂತದಲ್ಲಿ ಎಣಿಸುವಾಗ ಮೊದಲ ಹಂತದ ಗಾತ್ರಕ್ಕೆ ತಕ್ಕ t ಹಾಕಿದರೆ ಬಯಸಿದ ಮಿತಿಯೂ ಭರವಸೆಯೂ ಎರಡೂ ಸಿಗುತ್ತವೆಂದು ತೋರಿಸಿದರು. ಇದಕ್ಕೆ ಅಂಕಿಗಳು ಸರಾಸರಿಯ ಎರಡೂ ಕಡೆ ಗಂಟೆಯಾಕಾರದಲ್ಲಿ, ಹೆಚ್ಚುಕಡಿಮೆ ಸಮನಾಗಿ ಹರಡಿರಬೇಕು. 12 ಮರಗಳ ಪೂರ್ವ ಎಣಿಕೆಗೆ 95%ರಲ್ಲಿ t ಬೆಲೆ 2.201. ಆಗ 2.201 × 86 ÷ 20 = 9.464, ಅದರ ವರ್ಗ 89.57, ಅಂದರೆ 90 ಮರ. ಈಗಾಗಲೇ ಎಣಿಸಿದ 12 ಇದರಲ್ಲೇ ಸೇರಿವೆ, ಇನ್ನು 78 ಎಣಿಸಿದರೆ ಆಯಿತು. ನಾನು ಯೋಜನೆಗೆ ಹಿಡಿಯುವುದು ಈ 90ನ್ನೇ.

ಕಂಪ್ಯೂಟರಿನಲ್ಲಿ ಮಾಡುವುದಾದರೆ ಅಂಕಿಗಳನ್ನು A1ರಿಂದ A12ರವರೆಗೆ ಬರೆದು:

```
=STDEV.S(A1:A12)
=T.INV.2T(0.05,11)
=ROUNDUP((2.201*86/20)^2,0)
```

`STDEV.P` ಬಳಸಬೇಡಿ. ಅದು 11ರ ಬದಲು 12ರಿಂದ ಭಾಗಿಸಿ ವಿಚಲನೆಯನ್ನು 82ಕ್ಕೆ ಇಳಿಸಿಬಿಡುತ್ತದೆ.

ತೋಟದ ಗಾತ್ರ ಲೆಕ್ಕಕ್ಕೆ ಬರುವುದು ಯಾವಾಗ

ಮಾದರಿಯು ತೋಟದ ದೊಡ್ಡ ಪಾಲೇ ಆಗಿಬಿಟ್ಟರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಬಂದ n ಅನ್ನು (1 + n/N)ರಿಂದ ಭಾಗಿಸಬೇಕು, N ಎಂದರೆ ತೋಟದ ಒಟ್ಟು ಮರ. 1,500 ಮರದ ತೋಟಕ್ಕೆ 90 ಇದ್ದದ್ದು 85 ಆಗುತ್ತದೆ, ಆ ಐದು ಮರಕ್ಕಾಗಿ ತಲೆಕೆಡಿಸಿಕೊಳ್ಳುವುದು ಬೇಡ. 200 ಮರದ ತೋಟಕ್ಕೆ 63ಕ್ಕೆ ಇಳಿಯುತ್ತದೆ, ಅದು ಉಳಿತಾಯವೇ. 15,000 ಮರಕ್ಕೂ ಉತ್ತರ 90ರಲ್ಲೇ ನಿಲ್ಲುತ್ತದೆ. ‘ನೂರಕ್ಕೆ ಹತ್ತು’ ಸೋಲುವುದು ಹೀಗೆ.

ಮರ ಆರಿಸುವಾಗ ಆಗುವ ತಪ್ಪುಗಳು

ಮೇಲಿನ ಲೆಕ್ಕವೆಲ್ಲ ಒಂದು ಷರತ್ತಿನ ಮೇಲಿದೆ: ಪ್ರತಿ ಮರಕ್ಕೂ ಆಯ್ಕೆಯಾಗುವ ಅವಕಾಶ ಸಮನಾಗಿರಬೇಕು. ಇದು ತಪ್ಪಿದರೆ 90 ಮರ ಎಣಿಸಿದರೂ ಅಷ್ಟೆ, 900 ಎಣಿಸಿದರೂ ಅಷ್ಟೆ.

*ಕೊನೆಗಾರರಿಗೆ ಆಯ್ಕೆ ಬಿಡುವುದು.* ಹತ್ತಲು ಸುಲಭವಾದ, ಕೊನೆ ತುಂಬಿ ಕಾಣುವ ಮರಗಳೇ ಹೆಚ್ಚು ಸೇರುತ್ತವೆ. ಮರದ ಸಂಖ್ಯೆಗಳ ಪಟ್ಟಿಯನ್ನು ನೀವೇ ಚೀಟಿ ಎತ್ತಿ ಮಾಡಿ ಕೊಡಿ.

*ಖಾಲಿ ಮರವನ್ನು ಬಿಟ್ಟು ಪಕ್ಕದ್ದನ್ನು ಹತ್ತುವುದು.* ಪಟ್ಟಿಗೆ ಬಂದ ಮರದಲ್ಲಿ ಈ ವರ್ಷ ಕಾಯಿಯೇ ಇಲ್ಲದಿದ್ದರೆ ಸೊನ್ನೆ ಎಂದು ಬರೆಯಬೇಕು. ಒಟ್ಟು 1,500ರಲ್ಲಿ ಆ ಮರವನ್ನೂ ಎಣಿಸಿದ್ದೀರಿ. ಸೊನ್ನೆಗಳನ್ನು ಬಿಟ್ಟ ಸರಾಸರಿಯನ್ನು 1,500ರಿಂದ ಗುಣಿಸಿದರೆ ಇಲ್ಲದ ಅಡಿಕೆ ಲೆಕ್ಕಕ್ಕೆ ಬರುತ್ತದೆ.

*ಸಾಲಿನ ಲೆಕ್ಕ ಗಮನಿಸದೆ ಇಷ್ಟಕ್ಕೊಂದು ಮರ ಎಂದು ಹಿಡಿಯುವುದು.* ಚೀಟಿಯ ಬದಲು ಪ್ರತಿ ಹದಿನಾರನೇ ಮರ ಎಣಿಸುವುದು ಅನುಕೂಲವೇ. 1ರಿಂದ 16ರೊಳಗೆ ಒಂದನ್ನು ಚೀಟಿಯಿಂದ ಎತ್ತಿ ಶುರು ಮಾಡಿದರೆ 93 ಅಥವಾ 94 ಮರ ಸಿಗುತ್ತವೆ. ಆದರೆ ನಿಮ್ಮ ತೋಟದ ಒಂದೊಂದು ಸಾಲಿನಲ್ಲೂ 16 ಮರವೇ ಇದ್ದರೆ ಪ್ರತಿ ಸಾಲಿನಲ್ಲೂ ಅದೇ ಜಾಗದ ಮರ ಬರುತ್ತದೆ. ಅದು ಬಸಿಗಾಲುವೆಯ ಅಂಚಿನ ಜಾಗವಾದರೆ ಇಡೀ ಮಾದರಿ ಅಂಚಿನ ಮರಗಳದ್ದೇ. ಮೊದಲು ಸಾಲಿನ ಮರ ಎಣಿಸಿ, ಅದಕ್ಕೆ ಹೊಂದಿಬರುವ ಅಂತರವನ್ನು ಬಿಟ್ಟು 17ನ್ನೋ 15ನ್ನೋ ಹಿಡಿಯಿರಿ.

*ಗುಂಪಾಗಿ ಎಣಿಸುವುದು.* ಒಂದು ಕಡೆ ಹತ್ತಿದವರು ಅಲ್ಲೇ ಅಕ್ಕಪಕ್ಕದ ಹತ್ತು ಮರ ಎಣಿಸಿ ಇಳಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಪಕ್ಕದ ಮರಗಳ ಮಣ್ಣು, ನೀರು, ನೆರಳು ಒಂದೇ. ಕೊಳೆರೋಗ ಬಂದರೂ ಒಟ್ಟಿಗೇ ಬರುತ್ತದೆ. ಹಾಗಾಗಿ ಎರಡನೆಯ ಮರ ಹೊಸ ಸುದ್ದಿ ಹೆಚ್ಚು ತರುವುದಿಲ್ಲ. ಒಂದೇ ಗುಂಪಿನ ಮರಗಳ ನಡುವಿನ ಹೋಲಿಕೆ 0.1ರಷ್ಟು ಅಲ್ಪವಿದ್ದರೂ, ಹತ್ತು ಹತ್ತರ ಒಂಬತ್ತು ಗುಂಪಾಗಿ ಎಣಿಸಿದ 90 ಮರಗಳ ತೂಕ ಬಿಡಿ ಬಿಡಿಯಾಗಿ ಎಣಿಸಿದ ಸುಮಾರು 47 ಮರಗಳಷ್ಟೇ. ಗುಂಪಾಗಿಯೇ ಎಣಿಸಬೇಕಾದರೆ ಗುಂಪು ಚಿಕ್ಕದಿರಲಿ, ಗುಂಪುಗಳು ಹೆಚ್ಚಿರಲಿ.

*ಎಣಿಕೆಯ ತಪ್ಪನ್ನು ತಪ್ಪಿನ ಮಿತಿ ನುಂಗಿಕೊಳ್ಳುತ್ತದೆಂದು ನಂಬುವುದು.* ಎಣಿಸುವವರು ಒಳಗಿನ ಎಳೆಗಳ ಕಾಯಿ ಬಿಟ್ಟು ಪ್ರತಿ ಮರಕ್ಕೂ 15 ಕಡಿಮೆ ಬರೆದರೆ ಸರಾಸರಿ 15 ಕಡಿಮೆಯೇ ಬರುತ್ತದೆ. ±20ರ ಲೆಕ್ಕದಲ್ಲಿ ಇದು ಸೇರಿಲ್ಲ, ಮರ ಹೆಚ್ಚಿಸಿದರೆ ಇದು ಹೋಗುವುದೂ ಇಲ್ಲ. ಇದನ್ನು ಹಿಡಿಯಲು ನಾಲ್ಕೈದು ಮರಗಳ ಕೊನೆಯನ್ನು ಇಳಿಸಿ ನೆಲದ ಮೇಲೆ ಬಿಡಿಸಿ ಎಣಿಸಿ, ಮರದ ಮೇಲೆ ಬರೆದ ಅಂಕಿಗೆ ತಾಳೆ ನೋಡಬೇಕು. ಎಣಿಸಿದ ಮೇಲೆ ಉದುರುವ ಕಾಯಿಯೂ ಈ ಮಿತಿಯಲ್ಲಿಲ್ಲ. ಅದನ್ನು ಚೇಣಿಯ ಮಾತಿನಲ್ಲಿ ಬೇರೆಯಾಗಿಯೇ ಇತ್ಯರ್ಥ ಮಾಡಿಕೊಳ್ಳಿ.

ಎಣಿಸಿದ ಮೇಲೆ

90 ಮರ ಮುಗಿದವು. ಸರಾಸರಿ 232, ವಿಚಲನೆ 92 ಬಂತು ಎನ್ನೋಣ. ಈಗ ಹಳೆಯ 86 ಬಿಟ್ಟು ಹೊಸ ವಿಚಲನೆಯಿಂದಲೇ ಮಿತಿ ಲೆಕ್ಕ ಹಾಕಿ. 90 ಮರಕ್ಕೆ t ಬೆಲೆ 1.987. ಅದನ್ನು 92ರಿಂದ ಗುಣಿಸಿ, 90ರ ವರ್ಗಮೂಲ 9.487ರಿಂದ ಭಾಗಿಸಿದರೆ 19.3. ಬಯಸಿದ 20ರೊಳಗೇ ಬಂತು. ಮರಕ್ಕೆ 213ರಿಂದ 251 ಕಾಯಿ. ಇಡೀ ತೋಟಕ್ಕೆ ಸುಮಾರು 3,19,000ದಿಂದ 3,77,000 ಕಾಯಿ, ಕಿಲೋಗೆ 30ರಂತೆ 106ರಿಂದ 126 ಕ್ವಿಂಟಲ್ ಹಸಿ ಅಡಿಕೆ. ಕಿಲೋಗೆ ಎಷ್ಟು ಕಾಯಿ ಎಂಬುದನ್ನು ನಿಮ್ಮ ತೋಟದ ಕಾಯಿಯನ್ನೇ ತೂಗಿ ನೋಡಿ ತಿದ್ದಿಕೊಳ್ಳಿ.

ವಿಚಲನೆ 92ರ ಬದಲು 110 ಬಂದಿದ್ದರೆ ಮಿತಿ 23 ಆಗುತ್ತಿತ್ತು. ಆಗ ಎರಡೇ ದಾರಿ: ‘95% ಭರವಸೆಯಲ್ಲಿ ±23’ ಎಂದು ಬಂದದ್ದನ್ನೇ ಬರೆಯುವುದು, ಇಲ್ಲವೇ 110 ಹಾಕಿ n ಮತ್ತೆ ಕಂಡುಹಿಡಿದು ಉಳಿದ ಮರ ಎಣಿಸುವುದು. 1.987 × 110 ÷ 20 ಎಂದರೆ 10.93, ಅದರ ವರ್ಗ 119.4, ಒಟ್ಟು 120 ಮರ. ಇನ್ನೂ 30 ಮರ ಹತ್ತಿಸಬೇಕು, ಅವುಗಳಿಗೂ ಚೀಟಿಯನ್ನೇ ಎತ್ತಬೇಕು.